‘ನಾನು’ ಹೋದರೆ ಹೋದೇನು

ಮಗಳು ಮ್ಯಾಡ್ರಿಡ್ ಸೇರಿದ ಮೇಲೆ ನನಗೂ ಸ್ಪ್ಯಾನಿಷಿನ ಹುಚ್ಚು ಹಿಡಿಯಿತು. ಶನಿವಾರ ಸಂಜೆ ಕಂಪ್ಯೂಟರಿನ ಮುಂದೆ ಕೂತು ಪಾಠ. ಮೇಷ್ಟ್ರು ಸ್ಪೇನಿನ ಹೆಂಗಸು. ಮಗಳ ವಯಸ್ಸೇ ಇರಬೇಕು. ಮೊದಲ ದಿನವೇ ಪರಿಚಯ ಹೇಳಿಕೊಳ್ಳಿ ಅಂದರು. ರಾತ್ರಿಯೆಲ್ಲ ಉರು ಹೊಡೆದದ್ದನ್ನು ಒಪ್ಪಿಸಿದೆ: ‘ಯೋ ಸೊಯ್ ದೆ ಮೈಸೂರು. ಯೋ ಬೀಬೊ ಎನ್ ಬೆಂಗಳೂರು. ಯೋ ತ್ರಬಾಹೊ ಎನ್ ಉನ್ ಬಾಂಕೊ. ಯೋ ಆಬ್ಲೊ ಕನಾರೆಸ್.’ ಕನಾರೆಸ್ ಅಂದರೆ ನಮ್ಮ ಕನ್ನಡವೇ. ಆಕೆ ನಗುತ್ತ ನಾಲ್ಕು ಬೆರಳು ತೋರಿಸಿದರು. ನಾಲ್ಕು ವಾಕ್ಯ, ನಾಲ್ಕು ‘ಯೋ’. ಯೋ ಅಂದರೆ ನಾನು. ವ್ಯಾಕರಣದಲ್ಲಿ ತಪ್ಪೇನಿಲ್ಲ, ಆದರೆ ಕೇಳೋದಕ್ಕೆ ಎದೆ ತಟ್ಟಿಕೊಂಡ ಹಾಗಿದೆ ಅಂದರು.

ಅದನ್ನೇ ಕನ್ನಡದಲ್ಲಿ ಹೇಳಿಕೊಂಡು ನೋಡಿದೆ. ‘ನಾನು ಮೈಸೂರಿನವನು. ನಾನು ಬೆಂಗಳೂರಲ್ಲಿದ್ದೀನಿ. ನಾನು ಬ್ಯಾಂಕಲ್ಲಿ ಕೆಲಸ ಮಾಡ್ತೀನಿ.’ ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದವರಿಗೆ ಯಾರಾದರೂ ಹೀಗೆ ಹೇಳುತ್ತಾರೆಯೇ? ‘ಮೈಸೂರಿನವನು, ಈಗ ಬೆಂಗಳೂರಲ್ಲಿದ್ದೀನಿ, ಬ್ಯಾಂಕಲ್ಲಿ ಕೆಲಸ ಮಾಡ್ತೀನಿ’ ಅಷ್ಟೇ. ‘ಮಾಡ್ತೀನಿ’ಯ ಬಾಲದಲ್ಲಿ ನಾನು ಆಗಲೇ ಕೂತಿದ್ದೇನೆ, ಇನ್ನೊಂದು ಸಲ ಕರೆಯುವುದೇಕೆ? ಸ್ಪ್ಯಾನಿಷಿನಲ್ಲೂ ಇದೇ ಲೆಕ್ಕ. ಆಬ್ಲೊ ಅಂದರೆ ಮಾತಾಡ್ತೀನಿ, ಆಬ್ಲಾಸ್ ಅಂದರೆ ಮಾತಾಡ್ತೀಯ, ಆಬ್ಲಾಮೋಸ್ ಅಂದರೆ ಮಾತಾಡ್ತೀವಿ. ನನ್ನ ಎಡವಟ್ಟಿನ ಮೂಲ ಇಂಗ್ಲಿಷು. ಅಲ್ಲಿ ‘ಐ’ ಇಲ್ಲದೆ ವಾಕ್ಯ ಏಳುವುದೇ ಇಲ್ಲ. ಕನ್ನಡದಿಂದ ಸ್ಪ್ಯಾನಿಷಿಗೆ ನೆಟ್ಟಗೆ ಹೋಗಬಹುದಾಗಿದ್ದವನು ಸುಮ್ಮನೆ ಲಂಡನ್ ಸುತ್ತಿ ಬಂದಿದ್ದೆ.

ಕನಕದಾಸರ ಕತೆ ನಿಮಗೆ ಗೊತ್ತೇ ಇದೆ. ಮೋಕ್ಷಕ್ಕೆ ಯಾರು ಹೋಗಬಲ್ಲರು ಎಂದು ವ್ಯಾಸರಾಯರು ಕೇಳಿದಾಗ ‘ನಾನು ಹೋದರೆ ಹೋದೇನು’ ಅಂದರಂತೆ. ಅಹಂಕಾರ ಹೋದರೆ ಎಂಬ ಅರ್ಥವನ್ನು ಎಲ್ಲರೂ ಹೇಳುತ್ತಾರೆ. ನನಗೆ ಈಗ ಕಾಣುವುದು ಅದರ ವ್ಯಾಕರಣ. ‘ನಾನು’ ಹೋದ ಮೇಲೂ ‘ಹೋದೇನು’ ಎಂಬುದರ ಕೊನೆಯಲ್ಲಿ ‘ಏನು’ ಉಳಿದುಕೊಂಡಿದೆ, ಹೋಗುವವನು ಯಾರೆಂದು ಅದೇ ಹೇಳುತ್ತದೆ. ಈ ಮಾತನ್ನು ಇಂಗ್ಲಿಷಿನಲ್ಲಿ ಹೇಳಲು ಹೊರಟರೆ ಹೊರಗೆ ಕಳಿಸಿದ ‘ನಾನು’ವನ್ನೇ ಮತ್ತೆ ಒಳಗೆ ಕರೆಯಬೇಕು.

ಹಾಗಂತ ‘ಯೋ’ಗೆ ಕೆಲಸವೇ ಇಲ್ಲ ಅಂತಲ್ಲ. ಹೋಟೆಲಿನಲ್ಲಿ ಬಿಲ್ಲು ಬಂದಾಗ ನಾವು ‘ಕೊಡ್ತೀನಿ’ ಅನ್ನುವುದಿಲ್ಲ. ‘ಏ, ನಾನು ಕೊಡ್ತೀನಿ’ ಎಂದು ಕೈ ಅಡ್ಡ ಹಿಡಿಯುತ್ತೇವೆ. ಅಲ್ಲಿಯವರು ‘ಪಾಗೊ ಯೋ’ ಅನ್ನುತ್ತಾರಂತೆ. ಪಾಗೊ ಅಂದರೆ ಕೊಡ್ತೀನಿ. ಒತ್ತು ಬೇಕಾದ ‘ಯೋ’ ಹಿಂದೆ ಹೋಗಿ ನಿಂತಿದೆ. ಜಗಳ ಜೋರಾದಾಗ ನಾವೂ ‘ಕೊಡ್ತೀನಿ ನಾನು!’ ಅನ್ನುತ್ತೇವಲ್ಲ, ಹಾಗೆ.

ಇಷ್ಟು ತಿಳಿದದ್ದೇ ತಡ, ಸಿಕ್ಕಸಿಕ್ಕಲ್ಲೆಲ್ಲ ಸರ್ವನಾಮ ಕಿತ್ತೆಸೆಯಲು ಶುರುಮಾಡಿದೆ. ಒಂದು ಶನಿವಾರ ಮಗನ ಪರೀಕ್ಷೆಯ ವಿಷಯ ಹೇಳುತ್ತಿದ್ದೆ. ನಡುವೆ ಊರಿನಿಂದ ಬರಲಿದ್ದ ತಂಗಿಯ ನೆನಪಾಗಿ ‘ಬಿಯೆನೆ ಮಾನ್ಯಾನಾ’ ಅಂದೆ. ನನ್ನ ಲೆಕ್ಕದಲ್ಲಿ ಅದು ‘ನಾಳೆ ಬರ್ತಾಳೆ’. ಮೇಷ್ಟ್ರು ‘ಓಹ್, ಹಾಗಾದರೆ ಮಗ ಹಾಸ್ಟೆಲಿನಲ್ಲಿದ್ದಾನೆಯೇ?’ ಅಂದರು. ನಮ್ಮ ಕ್ರಿಯಾಪದ ಬರ್ತಾನೆ, ಬರ್ತಾಳೆ, ಬರುತ್ತೆ ಎಂದು ಗಂಡು, ಹೆಣ್ಣು, ಬಸ್ಸು ಎಲ್ಲವನ್ನೂ ವಿಂಗಡಿಸಿ ಕೊಡುತ್ತದೆ. ಸ್ಪ್ಯಾನಿಷಿಗೆ ಮೂರಕ್ಕೂ ಒಂದೇ ‘ಬಿಯೆನೆ’. ಸಾಲದ್ದಕ್ಕೆ ‘ನೀವು ಬರ್ತೀರಿ’ ಎಂಬುದಕ್ಕೂ ಅದೇ. ಗೌರವದ ‘ನೀವು’ ಅಲ್ಲಿ ಉಸ್ತೆದ್; ‘ತಮ್ಮ ಕೃಪೆ’ ಎಂಬಂಥ ಹಳೆಯ ಸಂಬೋಧನೆ ಸವೆದು ಆದ ಪದವಾದ್ದರಿಂದ ಎದುರಿಗಿರುವವರನ್ನೂ ಮೂರನೆಯವರಂತೆ ಮಾತಾಡಿಸುತ್ತದೆ. ಮಠದಲ್ಲಿ ನಾವು ಎದುರಿಗೇ ನಿಂತು ‘ಸ್ವಾಮಿಗಳು ಏನು ಅಪ್ಪಣೆ ಕೊಡಿಸ್ತಾರೆ?’ ಅನ್ನುವುದಿಲ್ಲವೇ? ಹೀಗಾಗಿ ಮಾತು ಮಗನಿಂದ ತಂಗಿಗೆ ಹೊರಳಿದಾಗ ಒಮ್ಮೆಯಾದರೂ ‘ಮಿ ಎರ್ಮಾನಾ’, ಅಂದರೆ ನನ್ನ ತಂಗಿ, ಎಂದು ಹೇಳಲೇಬೇಕು. ಆಮೇಲೆ ಬೇಕಾದರೆ ಬಿಡಬಹುದು.

ಭೂತಕಾಲದ ಒಂದು ರೂಪದಲ್ಲಿ ತೊಡಕು ಇನ್ನೂ ಹೆಚ್ಚು. ‘ಆಬ್ಲಾಬಾ’ ಅಂದರೆ ಮಾತಾಡ್ತಿದ್ದೆ ಎಂದೂ ಆಗುತ್ತದೆ, ಮಾತಾಡ್ತಿದ್ದ, ಮಾತಾಡ್ತಿದ್ದಳು ಎಂದೂ ಆಗುತ್ತದೆ. ಅದಕ್ಕೇ ಅಲ್ಲಿ ‘ಯೋ’ ಮತ್ತೆ ಮುಖ ತೋರಿಸುತ್ತದೆ. ಇದೆಂಥ ಭಾಷೆಯಪ್ಪಾ ಎಂದು ಗೊಣಗುತ್ತಿದ್ದಾಗಲೇ ಮನೆಗೆ ತಮ್ಮ ಬಂದ.

‘ಯಾವಾಗ ಬಂದೆ?’ ಅಂದೆ.

‘ಈಗ ಬಂದೆ’ ಅಂದ.

ಎರಡೂ ‘ಬಂದೆ’. ಮೊದಲನೆಯದು ನೀನು, ಎರಡನೆಯದು ನಾನು. ಐವತ್ತು ವರ್ಷ ಹೀಗೇ ಮಾತಾಡಿಯೂ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಇನ್ನು ‘ಬರಲ್ಲ’ ಎಂಬುದಕ್ಕಂತೂ ಬಾಲವೇ ಇಲ್ಲ. ನಾನು, ನೀನು, ಅವರು, ಬಸ್ಸು ಯಾರು ಬೇಕಾದರೂ ಬರಲ್ಲ. ಅಲ್ಲಿ ಮಾತ್ರ ಸ್ಪ್ಯಾನಿಷ್ ನಮಗಿಂತ ಒಂದು ಕೈ ಮೇಲು: ‘ನೋ’ ಮುಂದೆ ಬಂದು ನಿಂತರೂ ‘ನೋ ಆಬ್ಲೊ’ದಲ್ಲಿ ‘ಓ’ ಅಲುಗುವುದಿಲ್ಲ. ನಮ್ಮಲ್ಲೂ ಹಿಂದೆ ಹಾಗೇ ಇತ್ತು. ಅರಿಯೆ, ಅರಿಯೆವು, ಅರಿಯರು. ಧಾರವಾಡದ ಕಡೆಯವರು ‘ಒಲ್ಲೆ’ ಅಂದಾಗ ‘ನಾನು’, ‘ಬೇಡ’ ಎರಡೂ ಒಂದೇ ಪದದಲ್ಲಿ ಮುಗಿದುಹೋಗುತ್ತವೆ. ಸ್ಪ್ಯಾನಿಷಿನವರಿಗೆ ಅದಕ್ಕೆ ಎರಡು ಪದ ಬೇಕು, ‘ನೋ ಕಿಯೆರೊ’.

ನಿಜವಾದ ಸುಖ ಸಿಕ್ಕಿದ್ದು ‘ನನಗೆ’ ಪಾಠದಲ್ಲಿ. ಜೊತೆಗೆ ಕಲಿಯುವವರು ‘ಯೋ ಗುಸ್ತೊ ಎಲ್ ಕಫೇ’ ಎಂದು ಒದ್ದಾಡುತ್ತಿದ್ದರು, ಇಂಗ್ಲಿಷಿನ ‘ಐ ಲೈಕ್’ ಅವರನ್ನು ಹಾಗೆ ಹಿಡಿದುಕೊಂಡಿತ್ತು. ನಾನು ‘ನನಗೆ ಕಾಫಿ ಸೇರುತ್ತೆ’ ಎಂದುಕೊಂಡೆ, ‘ಮೆ ಗುಸ್ತಾ ಎಲ್ ಕಫೇ’ ತಾನಾಗಿ ಬಂತು. ಮೆ ಅಂದರೆ ನನಗೆ. ಗುಸ್ತಾ ಒಪ್ಪಿಕೊಳ್ಳುವುದು ಕಾಫಿಯ ಮಾತನ್ನೇ ಹೊರತು ನನ್ನದನ್ನಲ್ಲ. ಮಾವಿನಹಣ್ಣುಗಳಾದರೆ ಸೇರುತ್ತವೆ, ಅಲ್ಲೂ ‘ಗುಸ್ತಾನ್’. ಇಷ್ಟವಾಗುವುದು ನೀನೇ ಆದರೆ ‘ನನಗೆ ನೀನು ಇಷ್ಟ ಆಗ್ತೀಯ’, ಅಲ್ಲಿ ‘ಮೆ ಗುಸ್ತಾಸ್’. ಇದನ್ನು ಅಭ್ಯಾಸಕ್ಕೆಂದು ಮೇಷ್ಟ್ರ ಮುಂದೆ ಹೇಳಬಾರದು, ಅದು ಪ್ರೇಮ ನಿವೇದನೆಯ ಮಾತು. ತಲೆನೋವೂ ಹೀಗೇ: ‘ಮೆ ದುಯೆಲೆ ಲಾ ಕಬೇಸಾ’, ನನಗೆ ತಲೆ ನೋಯುತ್ತೆ.

ಇದೇ ಉಮೇದಿನಲ್ಲಿ ನಮ್ಮ ಎಲ್ಲ ‘ನನಗೆ’ಗೂ ‘ಮೆ’ ಹಚ್ಚಲು ಹೋದರೆ ಮುಗ್ಗರಿಸುತ್ತೇವೆ. ನನಗೆ ಬೇಕು, ನನಗೆ ಗೊತ್ತು ಎಂಬಲ್ಲಿ ಅವರು ‘ಕಿಯೆರೊ’, ‘ಸೆ’ ಎಂದು ನೇರವಾಗಿ ‘ನಾನು’ವಿನ ರೂಪವನ್ನೇ ಬಳಸುತ್ತಾರೆ. ವಯಸ್ಸನ್ನೂ ಹಸಿವನ್ನೂ ಅವರು ಇಟ್ಟುಕೊಂಡಿರುತ್ತಾರೆ: ಹಸಿವು ಆಂಬ್ರೆ, ಇಟ್ಟುಕೊಂಡಿದ್ದೀನಿ ತೆಂಗೊ. ಇದೊಂದು ನಾಲಿಗೆಗೆ ಕೂರಲೇ ಇಲ್ಲ. ಮೊನ್ನೆ ಪಾಠ ಮುಗಿಸಿ ಎದ್ದವನು ಅಡುಗೆಮನೆ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ‘ತೆಂಗೊ ಆಂಬ್ರೆ, ತೆಂಗೊ ಆಂಬ್ರೆ’ ಎಂದು ಹೇಳಿಕೊಳ್ಳುತ್ತಿದ್ದೆ.

‘ತೆಂಗಿನಕಾಯಿ ಫ್ರಿಜ್ಜಲ್ಲಿದೆ ಕಣ್ರೀ’ ಅಂದಳು ಹೆಂಡತಿ. ‘ಅರ್ಧ ಹೋಳು ತುರಿದುಕೊಡಿ.’