ದಿರ್ಹಮನ್ನು 23ರಿಂದ ಗುಣಿಸುವ ಮೊದಲು ಸ್ವಲ್ಪ ನಿಲ್ಲಿ

ಹೋದ ವಾರ ಕಲಬುರಗಿಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಚಾ ಇನ್ನೂ ಕೈಗೆ ಬಂದಿರಲಿಲ್ಲ, ಅಳಿಯ ಮೊಬೈಲ್ ಹಿಡಿದುಕೊಂಡು ಬಂದು ಪಕ್ಕಕ್ಕೆ ಕೂತ. "ಮಾಮಾ, ದುಬೈದಾಗ 5,000 ದಿರ್ಹಂ ಕೊಡ್ತಾರಂತ. ಲಕ್ಷದ ಹದಿನೈದು ಸಾವಿರ ಆಗ್ತದ ನೋಡ್ರಿ!" ಅಂದ. ಇಲ್ಲಿ ಅವನು ಅಕೌಂಟ್ಸ್ ಕೆಲಸ ಮಾಡುತ್ತಾನೆ, ಕೈಗೆ 38,000 ಬರುತ್ತದೆ. ಮೂರು ಪಟ್ಟು ಸಂಬಳ ಅಂತ ಅಕ್ಕನೂ ಆಗಲೇ ಖುಷಿಯಲ್ಲಿದ್ದಳು.

ನಾನು ಅಲ್ಲಿ ಏಳು ವರ್ಷ ದುಡಿದು ಬಂದವನು. ಹೋಗುವಾಗ ನಾನೂ ಇದೇ ಗುಣಾಕಾರ ಮಾಡಿದ್ದೆ. ಬೀದರ್, ಯಾದಗಿರಿ, ಕಲಬುರಗಿ, ನಮ್ಮ ಕಡೆ ಯಾವ ಮನೆಯಲ್ಲಿ ಕೇಳಿದರೂ ಲೆಕ್ಕ ಇದೇ. ಅಲ್ಲಿನ ಸಂಬಳ ಇಂಟು ಇವತ್ತಿನ ರೇಟು. ಈ ಲೆಕ್ಕ ತಪ್ಪು ಅಂತ ಅವತ್ತು ಅವನ ಜೊತೆ ಎರಡು ಗಂಟೆ ಕೂತು ಬರೆದು ತೋರಿಸಿದೆ. ಅದನ್ನೇ ಇಲ್ಲಿ ಹಾಕುತ್ತಿದ್ದೇನೆ.

ನಾವು ಲೆಕ್ಕಕ್ಕೆ ಹಿಡಿದ, ಒಂದು ದಿರ್ಹಮಿಗೆ 23 ರೂಪಾಯಿ ಅನ್ನೋದು ದುಡ್ಡಿಗೆ ದುಡ್ಡು ಬದಲಾಯಿಸುವ ರೇಟು. ಆದರೆ ಅಲ್ಲಿ ಖರ್ಚು ಮಾಡುವ ದಿರ್ಹಮನ್ನು ನೀವು ಬದಲಾಯಿಸುವುದೇ ಇಲ್ಲ, ಅಲ್ವಾ? ಅದು ಅಲ್ಲಿಯೇ ಕರಗುತ್ತದೆ, ಅಲ್ಲಿನ ಬೆಲೆಯಲ್ಲಿ. ಹಾಗಾದರೆ ಆ ದಿರ್ಹಮಿಗೆ ಅಲ್ಲಿ ಏನು ಸಿಗುತ್ತದೋ, ಅದೇ ಇಲ್ಲಿ ಎಷ್ಟು ರೂಪಾಯಿಗೆ ಸಿಗುತ್ತದೆ ಅಂತ ನೋಡಬೇಕು. ಇದಕ್ಕೆ ಕೊಳ್ಳುವ ಶಕ್ತಿಯ ಲೆಕ್ಕ ಅಂತಾರೆ, ಪಿಪಿಪಿ ಅಂತ ಪೇಪರಿನಲ್ಲಿ ಓದಿರುತ್ತೀರಿ. ವಿಶ್ವಬ್ಯಾಂಕ್ ನೂರಕ್ಕೂ ಹೆಚ್ಚು ದೇಶಗಳಲ್ಲಿ ಒಂದೇ ತರಹದ ಸಾಮಾನು, ಸೇವೆಗಳ ಬೆಲೆ ಕೂಡಿಸಿ ಇದನ್ನು ಲೆಕ್ಕ ಹಾಕಿಸುತ್ತದೆ. 2021ರ ಸುತ್ತಿನ ಫಲಿತಾಂಶ 2024ರಲ್ಲಿ ಬಂತು, ಅದರಲ್ಲಿ 176 ದೇಶಗಳಿವೆ. ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟು ಸಾಮಾನು ನಮ್ಮಲ್ಲಿ ಸುಮಾರು 20 ರೂಪಾಯಿಗೆ ಸಿಗುತ್ತದೆ, ಯುಎಇಯಲ್ಲಿ ಎರಡು ದಿರ್ಹಮಿಗಿಂತ ಸ್ವಲ್ಪ ಜಾಸ್ತಿಗೆ. ಎರಡನ್ನೂ ಸೇರಿಸಿ ನೋಡಿದರೆ, ಅಲ್ಲಿ ಖರ್ಚಾಗುವ ಒಂದು ದಿರ್ಹಮಿನ ಕಿಮ್ಮತ್ತು ನಮ್ಮ 8–9 ರೂಪಾಯಿ ಅಷ್ಟೇ. 23 ಅಲ್ಲ!

ಇಷ್ಟೊಂದು ವ್ಯತ್ಯಾಸ ಯಾಕೆ ಅಂತ ಅಳಿಯ ಕೇಳಿದ. ತೊಗರಿ ಬೇಳೆ ಮತ್ತು ಕೂದಲು ಕಟಿಂಗ್, ಇವೆರಡನ್ನು ನೋಡು ಅಂದೆ. ನಮ್ಮ ಬೇಳೆ ಹಡಗು ಹತ್ತಿ ಅಲ್ಲಿಗೂ ಹೋಗುತ್ತದೆ, ಹಾಗಾಗಿ ಅಲ್ಲಿ ಬೆಲೆ ಸ್ವಲ್ಪ ಜಾಸ್ತಿ ಇರಬಹುದು, ಮೂರು ಪಟ್ಟು ಆಗೋದಿಲ್ಲ. ಆದರೆ ಕಟಿಂಗ್ ಹಡಗು ಹತ್ತುವುದಿಲ್ಲ. ಇಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್ ಏರಿಯಾದಲ್ಲಿ ನಾನು 100 ರೂಪಾಯಿ ಕೊಡುತ್ತೇನೆ, ಅಲ್ಲಿ ಸಾದಾ ಅಂಗಡಿಯಲ್ಲೂ 20 ದಿರ್ಹಂ ಕೊಡುತ್ತಿದ್ದೆ. ಕತ್ತರಿ ಅದೇ, ತಲೆಯೂ ಅದೇ, ಆದರೆ ಅಂಗಡಿ ಬಾಡಿಗೆ ಮತ್ತು ಆ ಮನುಷ್ಯನ ಕೂಲಿ ಆ ಊರಿನದು. ಕಟಿಂಗ್‌ನಲ್ಲಿ ಒಂದು ದಿರ್ಹಮಿಗೆ 5 ರೂಪಾಯಿ ಬಿತ್ತು. ಮನೆ ಬಾಡಿಗೆ, ಊಟದ ಮೆಸ್, ಬಸ್ಸು, ಡಾಕ್ಟರ್ ಫೀಸು, ಶಾಲೆ ಎಲ್ಲವೂ ಕಟಿಂಗ್ ಜಾತಿಗೆ ಸೇರಿದವು. ನಮ್ಮಂಥವರ ಸಂಬಳ ಹೋಗುವುದೂ ಅವಕ್ಕೇ ಜಾಸ್ತಿ.

ಹಾಗಂತ ಪೂರ್ತಿ 5,000ವನ್ನೂ 8 ಅಥವಾ 9ರಿಂದ ಗುಣಿಸಿದರೆ ಅದೂ ತಪ್ಪೇ. ಓದಿದವರು ಮಾಡುವ ತಪ್ಪು ಇದು. "ಪಿಪಿಪಿ ಪ್ರಕಾರ ಅದು 43,000 ಅಷ್ಟೇ, ಸುಮ್ನೆ ಯಾಕೆ ಹೋಗ್ತೀರಿ" ಅನ್ನುತ್ತಾರೆ. ಆದರೆ ಊರಿಗೆ ಕಳಿಸುವ ದುಡ್ಡು ಅಲ್ಲಿ ಖರ್ಚೇ ಆಗುವುದಿಲ್ಲ. ಅದು ನಿಜವಾಗಿಯೂ 23ರ ರೇಟಿನಲ್ಲಿ ಬ್ಯಾಂಕಿಗೆ ಬಂದು ಬೀಳುತ್ತದೆ, ಇಲ್ಲಿನ ಬೆಲೆಯಲ್ಲಿ ಖರ್ಚಾಗುತ್ತದೆ. ಅದಕ್ಕೇ ಸಂಬಳವನ್ನು ಎರಡು ಭಾಗ ಮಾಡಬೇಕು. ತಿನ್ನುವ ಭಾಗಕ್ಕೆ ಒಂದು ರೇಟು, ಕಳಿಸುವ ಭಾಗಕ್ಕೆ ಇನ್ನೊಂದು.

ವಿಶ್ವಬ್ಯಾಂಕಿನ ಅಂಕಿ ಇಡೀ ದೇಶದ ಸರಾಸರಿ ಬೇರೆ, ಮುಂಬೈ ಬಾಡಿಗೆಯೂ ಅದರಲ್ಲಿದೆ. ಅದಕ್ಕೆ ಅಳಿಯನ ಪಟ್ಟಿಯನ್ನೇ ಮಾಡಿದೆವು. ಅಲ್ಲಿ ರೂಮಿನಲ್ಲಿ ಒಂದು ಬೆಡ್‌ಗೆ ಕರೆಂಟು ನೀರು ಸೇರಿ 1,100 ದಿರ್ಹಂ ಹಿಡಿದೆವು, ಅಂಥದ್ದೇ ಪಿಜಿ ಬೆಡ್ ಇಲ್ಲಿ 4,000 ರೂಪಾಯಿ. ಊಟಕ್ಕೆ ಅಲ್ಲಿ 900, ಇಲ್ಲಿ ಖಾನಾವಳಿಯಲ್ಲಿ 4,500. ಮೆಟ್ರೋ ಬಸ್ಸಿನ ತಿಂಗಳ ಪಾಸು 350, ಇಲ್ಲಿ ಗಾಡಿಗೆ ಪೆಟ್ರೋಲು 1,500. ಫೋನಿಗೆ 150, ಇಲ್ಲಿ 300. ಬಟ್ಟೆ, ಸೋಪು, ಔಷಧ ಇತ್ಯಾದಿಗೆ 500, ಇಲ್ಲಿ 5,000. ಒಟ್ಟು ಅಲ್ಲಿ 3,000 ದಿರ್ಹಂ, ಅದೇ ಬದುಕು ಕಲಬುರಗಿಯಲ್ಲಿ 15,300 ರೂಪಾಯಿ. ಅಂದರೆ ಅವನ ಪಾಲಿಗೆ ತಿನ್ನುವ ದಿರ್ಹಂ ಬರೀ 5 ರೂಪಾಯಿ ಚಿಲ್ಲರೆ. ಉಳಿದ 2,000 ದಿರ್ಹಂ ಊರಿಗೆ ಬಂದರೆ 46,000. ಎರಡೂ ಕೂಡಿದರೆ 61,300.

ಇಲ್ಲಿ 38,000 ಇದೆಯಲ್ಲ, ಅದಕ್ಕೆ ಅಕ್ಕನ ಮನೆಯಲ್ಲಿ ಬಾಡಿಗೆ ಇಲ್ಲದೆ ಇರುವ 4,000 ಸೇರಿಸಬೇಕು. ಅಲ್ಲಿಗೆ ಹೋದರೆ ಅದು ತಪ್ಪುತ್ತದೆ. 42,000 ಆಯಿತು. 77,000 ಜಾಸ್ತಿ ಅಂದುಕೊಂಡಿದ್ದ ಹುಡುಗನಿಗೆ ನಿಜವಾಗಿ ಜಾಸ್ತಿ ಸಿಗುವುದು 19,000 ಆಸುಪಾಸು. ಅದೂ ಸಣ್ಣ ದುಡ್ಡಲ್ಲ. ಆದರೆ 77 ಅಂತ ತಿಳಿದು ಸಾಲ ಮಾಡಿ ಮನೆ ಕಟ್ಟಲು ಶುರು ಮಾಡಿದವರು ನಮ್ಮ ಓಣಿಯಲ್ಲೇ ಇದ್ದಾರೆ, ಅರ್ಧಕ್ಕೆ ನಿಂತ ಗೋಡೆಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮದುವೆ ಆದ ಮೇಲೆ ಹೆಂಡತಿಯನ್ನು ಕರೆದುಕೊಂಡು ಹೋಗ್ತೀನಿ ಅಂದ. ವೀಸಾಕ್ಕೆ ತೊಂದರೆ ಇಲ್ಲ, 4,000 ದಿರ್ಹಂ ಸಂಬಳ ಇದ್ದರೆ ಕುಟುಂಬಕ್ಕೆ ಕೊಡುತ್ತಾರೆ. ಆದರೆ ಸಣ್ಣ ಮನೆ, ಮುಂದೆ ಮಗುವಿನ ಶಾಲೆ ಅಂತ ಬಂದರೆ 5,000 ಪೂರ್ತಿ ಅಲ್ಲಿಯೇ ಮುಗಿಯುತ್ತದೆ. ಕಳಿಸುವ ಭಾಗ ಸೊನ್ನೆ. ಆಗ 23 ಅನ್ನುವ ಅಂಕಿಯನ್ನು ಮರೆತುಬಿಡಬೇಕು. ನಮ್ಮ 5 ಹಿಡಿದರೂ, ವಿಶ್ವಬ್ಯಾಂಕಿನ 9 ಹಿಡಿದರೂ, ಅದು ಕಲಬುರಗಿಯ 25ರಿಂದ 45 ಸಾವಿರದ ಬದುಕು. ಅಂದರೆ ಈಗ ಇರುವ ಬದುಕೇ!

ಇನ್ನೊಂದು ಮಾತು. ರೂಪಾಯಿ ಬಿದ್ದಾಗೆಲ್ಲ ಗಲ್ಫಿನಲ್ಲಿ ಇರುವವರಿಗೆ ಲಾಭ ಅಂತಾರೆ. ದಿರ್ಹಂ 1997ರಿಂದ ಡಾಲರಿಗೆ 3.6725ರಂತೆ ಕಟ್ಟಿಹಾಕಿದ ನಾಣ್ಯ, ಡಾಲರ್ ಏರಿದರೆ ಅದೂ ಏರುತ್ತದೆ. 2010ರಲ್ಲಿ ಒಂದು ದಿರ್ಹಮಿಗೆ 12–13 ರೂಪಾಯಿ ಇತ್ತು, 2024ರ ಕೊನೆಗೆ 23 ಆಯಿತು. ಹತ್ತಿರ ಹತ್ತಿರ ಎರಡು ಪಟ್ಟು. ಆದರೆ ಅಷ್ಟರಲ್ಲಿ ನಮ್ಮಲ್ಲಿ ಬೆಲೆಗಳು ಎರಡು ಪಟ್ಟಿಗಿಂತ ಜಾಸ್ತಿ ಏರಿವೆ. ಅಂದು 2,000 ದಿರ್ಹಂ ಕಳಿಸಿದರೆ ಅಕ್ಕನ ಮನೆಗೆ ಬರುತ್ತಿದ್ದ ಸಂತೆ ಇವತ್ತು ಅದೇ 2,000ದಲ್ಲಿ ಬರುವುದಿಲ್ಲ.

ಕೊನೆಗೆ ಅಳಿಯ ಕೇಳಿದ್ದು ಒಂದೇ. "ಹಂಗಾರ ಸಂಬಳ ಜಾಸ್ತಿ ಕೇಳ್ಲೇನು ಮಾಮಾ?" ಮೊದಲು ರೂಮು ಕೇಳು ಅಂದೆ. ಸಂಬಳ ಏರಿಸು ಅಂದರೆ ಮಾಲೀಕರು 200–300ಕ್ಕೆ ನಿಲ್ಲುತ್ತಾರೆ, ಆದರೆ ತಾವು ಹಿಡಿದ ಫ್ಲ್ಯಾಟಿನಲ್ಲಿ ಒಂದು ಬೆಡ್ ಕೊಡುವುದು ಅವರಿಗೆ ಅಷ್ಟು ಕಷ್ಟವಲ್ಲ. ಅವನಿಗೆ ಮಾತ್ರ 1,100 ದಿರ್ಹಂ ತಿನ್ನುವ ಭಾಗದಿಂದ ಕಳಿಸುವ ಭಾಗಕ್ಕೆ ಜಿಗಿಯುತ್ತದೆ, ತಿಂಗಳಿಗೆ 25,300 ರೂಪಾಯಿ. 19,000 ಇದ್ದ ಲಾಭ 44,000 ಆಗುತ್ತದೆ. ಅಲ್ಲೇ ಕೂತು ಕಂಪನಿಗೆ ಮೇಲ್ ಬರೆಸಿದೆ. ರೂಮು ಕೊಡ್ತೀರಾ, ಕೊಟ್ಟರೆ ಒಂದು ರೂಮಿಗೆ ಎಷ್ಟು ಜನ, ಬೇಸಿಕ್ ಎಷ್ಟು ಅಂತ. ಬೇಸಿಕ್ ಯಾಕೆ ಅಂದರೆ, ಅಲ್ಲಿ ಗ್ರ್ಯಾಚುಟಿ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್ ಮೇಲೆ ಮಾತ್ರ ಕೊಡುತ್ತಾರೆ, 5,000ದಲ್ಲಿ ಬೇಸಿಕ್ 2,000 ಅಂತ ಬರೆದಿದ್ದರೆ ಬಿಟ್ಟು ಬರುವಾಗ ಕೈಗೆ ಸಿಗುವುದೂ ಅಷ್ಟಕ್ಕೇ. ಉತ್ತರ ಇನ್ನೂ ಬಂದಿಲ್ಲ. ಅದು ಬರುವವರೆಗೆ ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡ ಅಂತ ಹೇಳಿ ಬಂದಿದ್ದೇನೆ.