ಕೊಲ್ಹಾಪುರದ ಅಂಬಾಬಾಯಿ, ಅಂದರೆ ಮಹಾಲಕ್ಷ್ಮಿ, ವಿಷ್ಣುವಿನ ಹೆಂಡತಿಯೇ?

"ಕೊಲ್ಹಾಪುರದ ಮಹಾಲಕ್ಷ್ಮಿ ತಿರುಪತಿ ತಿಮ್ಮಪ್ಪನ ಹೆಂಡತಿ, ಮುನಿಸಿಕೊಂಡು ಬಂದು ಕೂತವಳು. ನವರಾತ್ರಿಗೆ ಅಲ್ಲಿಂದ ಸೀರೆ ಬರೋದು ಅದಕ್ಕೇ!"

ಸತ್ಯಾಂಶ: ಸೀರೆ ಬರುವುದು ನಿಜ. ಮುನಿಸಿನ ಕಥೆಯೂ ಹಳೆಯದೇ, ನಮ್ಮ ಗಡಹಿಂಗ್ಲಜ ಕಡೆ ಅಜ್ಜಿಯರು ಚೆಂದ ಹೇಳುತ್ತಾರೆ. ಆದರೆ ಮೂರ್ತಿ ಹೇಳುವುದೇ ಬೇರೆ. ಸೀರೆ, ಹೂವಿನ ಅಲಂಕಾರದಲ್ಲಿ ಅದು ಕಾಣುವುದಿಲ್ಲ, ಅಷ್ಟೇ. ಕೈಗಳಲ್ಲಿ ಮಾದಲ ಹಣ್ಣು, ಗದೆ, ಗುರಾಣಿ, ಪಾನಪಾತ್ರೆ. ಹಿಂದೆ ಸಿಂಹ. ಕಮಲ ಹಿಡಿದ ಲಕ್ಷ್ಮಿಗೆ ಗುರಾಣಿ ಯಾಕೆ, ಅಲ್ವಾ?

ದೇವೀ ಮಹಾತ್ಮೆಯ ಜೊತೆ ಓದುವ ಪ್ರಾಧಾನಿಕ ರಹಸ್ಯದಲ್ಲಿ ಇದೇ ನಾಲ್ಕು ವಸ್ತು ಹಿಡಿದವಳು ಮಹಾಲಕ್ಷ್ಮಿ. ಅಲ್ಲಿ ಅವಳೇ ಮೂಲಶಕ್ತಿ, ಜಗತ್ತೆಲ್ಲ ತುಂಬಿದವಳು. ಮಹಾಕಾಳಿ, ಮಹಾಸರಸ್ವತಿ ಅವಳಿಂದಲೇ ಬಂದವರು. ಆಮೇಲೆ ಅವಳು ಬ್ರಹ್ಮನನ್ನೂ ಲಕ್ಷ್ಮಿಯನ್ನೂ ಹುಟ್ಟಿಸುತ್ತಾಳೆ. ಆ ಲಕ್ಷ್ಮಿಯನ್ನು ವಿಷ್ಣುವಿಗೆ ಕೊಡುವವಳೂ ಇವಳೇ.