ಆರು ಗಂಟೆಯ ಶಿಫ್ಟಿಗೆ ಏಳೂವರೆಯ ಕೋಡ್

ಒಂದೇ ಲಾಗಿನ್ನಿಗೆ ಮೇಲ್, ಹಾಜರಿ, ಕ್ಯಾಂಟೀನ್ ಕೂಪನ್ ಎಲ್ಲ ತೆರೆಯುತ್ತದೆ ಅಂತ ನಮ್ಮ ಆಫೀಸಿನಲ್ಲಿ ಲಾಡು ಹಂಚಿ ಹೇಳಿದ್ದರು. ತೆರೆಯದ ದಿನ ಎಲ್ಲವೂ ಒಟ್ಟಿಗೇ ಮುಚ್ಚಿಕೊಳ್ಳುತ್ತದೆ ಅಂತ ಹೇಳಲು ಮರೆತರು.

ಮೊನ್ನೆ ಸೋಮವಾರ ಪಕ್ಕದ ಸೀಟಿನ ಶೆಟ್ರು ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಮೊದಲ ಬಸ್ಸು ಹಿಡಿದು, ಆರರ ಶಿಫ್ಟಿಗೆ ಹತ್ತು ನಿಮಿಷ ಮೊದಲೇ ಬಂದು ಕುಳಿತಿದ್ದರು. ಪಾಸ್‌ವರ್ಡ್ ಸರಿ ಉಂಟು. ಮೊಬೈಲಿನ ಅಥೆಂಟಿಕೇಟರ್ ಆ್ಯಪ್ ತೋರಿಸಿದ ಆರಂಕಿಯ ಕೋಡ್ ಹಾಕಿದರೆ `Invalid code`.

“ನೆಟ್‌ವರ್ಕ್ ಇಲ್ಲ ಮಾರಾಯ್ರೆ” ಅಂತ ಕಿಟಕಿಯ ಹತ್ತಿರ ಹೋಗಿ ಮೊಬೈಲನ್ನು ಆರತಿಯ ಹಾಗೆ ಎತ್ತಿದರು. ಐದನೇ ಸಲಕ್ಕೆ ಖಾತೆಯೇ ಲಾಕ್.

ಹೆಲ್ಪ್‌ಡೆಸ್ಕ್ ಬರುವುದು ಒಂಬತ್ತೂವರೆಗೆ. ಅವರಿಗೆ ಹೇಳಲು ಪೋರ್ಟಲ್‌ನಲ್ಲಿ ಟಿಕೆಟ್ ಹಾಕಬೇಕು, ಪೋರ್ಟಲ್‌ಗೆ ಲಾಗಿನ್ ಬೇಕು. ಬಾವಿಗೆ ಬಿದ್ದವ ಮೇಲೆ ಬಂದು ಹಗ್ಗಕ್ಕೆ ಅರ್ಜಿ ಕೊಡುವ ಕ್ರಮ.

ಪಾಪದ ನೆಟ್‌ವರ್ಕಿನದ್ದು ಇದರಲ್ಲಿ ಏನೂ ತಪ್ಪಿಲ್ಲ. ಕೋಡ್ ತೋರಿಸಲು ಆ ಆ್ಯಪಿಗೆ ನೆಟ್‌ವರ್ಕೇ ಬೇಡ. ಮೊದಲ ದಿನ ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಒಂದು ಗುಟ್ಟಿನ ಕೀ ಮೊಬೈಲಿಗೆ ಬಂದಿರುತ್ತದೆ, ಅದೇ ಕೀ ಸರ್ವರ್ ಹತ್ತಿರವೂ ಇರುತ್ತದೆ. ಆ ಕೀಗೆ ಆಗಿನ ಸಮಯ ಸೇರಿಸಿ ಎರಡೂ ಕಡೆ ಸಾಮಾನ್ಯವಾಗಿ 30 ಸೆಕೆಂಡಿಗೊಂದು ಹೊಸ ಕೋಡ್ ಲೆಕ್ಕ ಹಾಕುತ್ತವೆ. ಹಿಂದಿನದ್ದೋ ಮುಂದಿನದ್ದೋ ಒಂದು ಕೋಡ್ ಆದರೆ ಸರ್ವರ್ ಕ್ಷಮಿಸೀತು, ಅದಕ್ಕಿಂತ ಹೆಚ್ಚು ಉದಾರಿಯಲ್ಲ.

“ನನ್ನ ಟೈಮ್ ಸರಿ ಉಂಟಲ್ಲ, ನೋಡಿ!” ಅಂದರು ಶೆಟ್ರು. ನೋಡಿದೆ, ಗೋಡೆಯ ಗಡಿಯಾರಕ್ಕೂ ಅದಕ್ಕೂ ಒಂದು ನಿಮಿಷದ ವ್ಯತ್ಯಾಸವಿಲ್ಲ. ಆದರೆ ಮೊಬೈಲ್ ಹೊಸತು, ಭಾವ ದುಬೈಯಿಂದ ತಂದದ್ದು. ಒಂದೂವರೆ ಗಂಟೆ ಹಿಂದೆ ಇತ್ತು ಅಂತ ಶೆಟ್ರು ಭಾನುವಾರ ಕೈಯಾರೆ ಮುಂದೆ ತಿರುಗಿಸಿದ್ದರು. ಟೈಮ್‌ಝೋನ್ ಮಾತ್ರ ಇನ್ನೂ ದುಬೈಯಲ್ಲೇ ಇತ್ತು.

ಆ್ಯಪ್ ಲೆಕ್ಕಕ್ಕೆ ಹಿಡಿಯುವುದು ಸ್ಕ್ರೀನಿನ ಅಂಕಿಯನ್ನಲ್ಲ, ಒಳಗಿನ ಜಾಗತಿಕ ಸಮಯವನ್ನು. ದುಬೈಯಲ್ಲಿ ಆರು ಅಂದರೆ ಇಲ್ಲಿ ಏಳೂವರೆ. ಹಾಗಾಗಿ ಶೆಟ್ರು ಹಾಕುತ್ತಿದ್ದದ್ದು 180 ಕೋಡ್ ಆಚೆಯದ್ದು. ಬೇಗ ಬಂದವರಿಗೆ ಇದಕ್ಕಿಂತ ದೊಡ್ಡ ಅವಮಾನ ಉಂಟಾ? ಗಡಿಯಾರ ಆ್ಯಪಿನ ವರ್ಲ್ಡ್ ಕ್ಲಾಕಿಗೆ ದೆಹಲಿ ಸೇರಿಸಿದ ಕೂಡಲೇ ಕಳ್ಳ ಸಿಕ್ಕಿದ. ಅಲ್ಲಿ ಏಳೂವರೆ ದಾಟಿತ್ತು.

ಸೆಟ್ಟಿಂಗ್ಸ್‌ನಲ್ಲಿ ಆಟೋಮ್ಯಾಟಿಕ್ ಸಮಯ, ಆಟೋಮ್ಯಾಟಿಕ್ ಟೈಮ್‌ಝೋನ್ ಎರಡನ್ನೂ ಆನ್ ಮಾಡಿಸಿದೆ. ಲಾಕ್ ನಮ್ಮಲ್ಲಿ ಅರ್ಧ ಗಂಟೆಗೆ ತಾನಾಗಿ ಬಿಡುತ್ತದೆ. ಬಿಟ್ಟ ಮೇಲೆ, ಮುಗಿಯುತ್ತಾ ಬಂದ ಕೋಡ್ ಬಿಟ್ಟು ಹೊಸತು ಮೂಡುವವರೆಗೆ ಕಾದು ಹಾಕಿದರು. ಒಳಗೆ ಹೋಯಿತು.

ಇಷ್ಟೆಲ್ಲ ಮಾಡುವ ಮೊದಲು ನಾನು ಆಚೀಚೆಯವರನ್ನು ಕೇಳಿದ್ದೆ. ಅವರದ್ದೆಲ್ಲ ತೆರೆದಿತ್ತು, ಹಾಗಾಗಿ ಮೊಬೈಲಿನ ಮೇಲೆ ಸಂಶಯ ಬಂತು. ಇಡೀ ಸಾಲೇ ಹೊರಗೆ ಉಳಿದಿದ್ದರೆ ಅದು ಸರ್ವರಿನ ಕಾಯಿಲೆ. ಆಗ ಎರಡು ಸಲಕ್ಕಿಂತ ಹೆಚ್ಚು ಒತ್ತದೆ ಸುಮ್ಮನೆ ಚಾ ಕುಡಿಯುವುದು ಲಾಭ.

ಶೆಟ್ರ ಪರವಾಗಿ ಬೆಳಿಗ್ಗೆಯೇ ನಾನೊಂದು ಟಿಕೆಟ್ ಹಾಕಿದ್ದೆ. ಒಂಬತ್ತು ನಲವತ್ತಕ್ಕೆ ಉತ್ತರ ಬಂತು: “ಲಾಗಿನ್ ಆಗದವರು ಸ್ವತಃ ಲಾಗಿನ್ ಆಗಿ ದೂರು ದಾಖಲಿಸತಕ್ಕದ್ದು. ಟಿಕೆಟ್ ಮುಚ್ಚಲಾಗಿದೆ.”